ವಿಆರ್‌ಎಸ್ ತಗೊಂಡ್ರೆ ಕೈಗೆ ಬರೋ ದುಡ್ಡಲ್ಲಿ ಯಾವುದಕ್ಕೆ ತೆರಿಗೆ, ಯಾವುದಕ್ಕಿಲ್ಲ? ಇಲ್ಲಿದೆ ಪೂರ್ತಿ ಲೆಕ್ಕ

ನಿವೃತ್ತಿ ಹಣದ ವಿಷಯ ಬಂದರೆ ಟೀ ಅಂಗಡಿ ಮುಂದೆ ಎರಡು ಮಾತು ಕೇಳಿಬರುತ್ತೆ. ಒಂದು, 'ರಿಟೈರ್ಮೆಂಟ್ ದುಡ್ಡಿಗೆ ಟ್ಯಾಕ್ಸೇ ಇಲ್ಲ ಬಿಡ್ರಿ' ಅನ್ನೋದು. ಇನ್ನೊಂದು, 'ಅಷ್ಟು ದೊಡ್ಡ ಮೊತ್ತ ಅಂದ್ರೆ ಮೂವತ್ತು ಪರ್ಸೆಂಟ್ ಹೋಗೇ ಹೋಗುತ್ತೆ' ಅನ್ನೋದು. ಎರಡೂ ತಪ್ಪು.

ನಿವೃತ್ತಿ ಹಣ ಅಂತ ಬ್ಯಾಂಕ್ ಖಾತೆಗೆ ಬೀಳೋದು ಒಂದೇ ಮೊತ್ತದಂತೆ ಕಂಡರೂ, ಆದಾಯ ತೆರಿಗೆ ಕಾಯ್ದೆ ಅದನ್ನು ಒಂದೇ ಮೊತ್ತ ಅಂತ ನೋಡಲ್ಲ. ಗ್ರಾಚ್ಯುಟಿಗೆ ಒಂದು ನಿಯಮ, ರಜೆ ನಗದೀಕರಣಕ್ಕೆ ಇನ್ನೊಂದು, ಸ್ವಯಂ ನಿವೃತ್ತಿ ಪರಿಹಾರಕ್ಕೆ ಮತ್ತೊಂದು. ಇವನ್ನು ಸರಿಯಾಗಿ ಬೇರೆ ಬೇರೆ ಮಾಡಿ ತೋರಿಸಿದರೆ ತೆರಿಗೆ ಸೊನ್ನೆಯೂ ಆಗಬಹುದು. ಎಲ್ಲವನ್ನೂ ಒಟ್ಟಿಗೆ ಸೇರಿಸಿ 'ಸಂಬಳ' ಅಂತ ತೋರಿಸಿಬಿಟ್ಟರೆ ಲಕ್ಷಗಟ್ಟಲೆ ಟಿಡಿಎಸ್ ಕಟ್ ಆಗುತ್ತೆ. ಕೆಳಗಿನ ಲೆಕ್ಕದಲ್ಲಿ ಆ ವ್ಯತ್ಯಾಸ ಸುಮಾರು 2 ಲಕ್ಷ ರೂಪಾಯಿ.

ಒಬ್ಬ ಫಿಟ್ಟರ್‌ನ ಲೆಕ್ಕ

ಅರ್ಥ ಆಗಲಿ ಅಂತ ಒಂದು ಉದಾಹರಣೆ ತಗೊಳ್ಳೋಣ. ಖಾಸಗಿ ಕಂಪನಿಯೊಂದರ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ವಯಸ್ಸು 53, ಸೇವೆ 24 ವರ್ಷ 7 ತಿಂಗಳು. ಕಂಪನಿಯಲ್ಲಿ ನಿವೃತ್ತಿ ವಯಸ್ಸು 58. ಆದರೆ ಕಂಪನಿ ಸ್ವಯಂ ನಿವೃತ್ತಿ ಯೋಜನೆ ತಂದಿತು, ಇವರು ಅರ್ಜಿ ಹಾಕಿ 2025ರ ಸೆಪ್ಟೆಂಬರ್ 30ಕ್ಕೆ ಕೆಲಸ ಬಿಟ್ಟರು.

ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 40,000 ರೂ. ಇತರೆ ಭತ್ಯೆ 6,000 ರೂ. ಏಪ್ರಿಲ್‌ನಲ್ಲಿ ಇನ್‌ಕ್ರಿಮೆಂಟ್ ಆಗೋ ಮುಂಚೆ ಮೂಲವೇತನ ಮತ್ತು ತುಟ್ಟಿಭತ್ಯೆ 38,000 ರೂ. ಇತ್ತು. ಇದನ್ನು ನೆನಪಲ್ಲಿಟ್ಟುಕೊಳ್ಳಿ, ರಜೆ ಲೆಕ್ಕದಲ್ಲಿ ಬೇಕಾಗುತ್ತೆ.

ಫೈನಲ್ ಸೆಟ್ಲ್‌ಮೆಂಟ್‌ನಲ್ಲಿ ಅವರಿಗೆ ಬಂದದ್ದು ನಾಲ್ಕು ಬಾಬ್ತು:

- ಪಿಎಫ್: 11,00,000 ರೂ.
- ಗ್ರಾಚ್ಯುಟಿ: 5,76,923 ರೂ.
- ರಜೆ ನಗದೀಕರಣ: 3,20,000 ರೂ.
- ಸ್ವಯಂ ನಿವೃತ್ತಿ ಪರಿಹಾರ: 14,40,000 ರೂ.

ಒಟ್ಟು 34,36,923 ರೂ. ಇದರಲ್ಲಿ ಎಷ್ಟಕ್ಕೆ ತೆರಿಗೆ?

ಮೊದಲೆರಡು ಬಾಬ್ತು ಸುಲಭ. ಐದು ವರ್ಷಕ್ಕಿಂತ ಹೆಚ್ಚು ಸೇವೆ ಮಾಡಿದವರ ಪಿಎಫ್ ಹಣ ಹಿಂತೆಗೆದರೆ ತೆರಿಗೆ ಇಲ್ಲ. ಗ್ರಾಚ್ಯುಟಿ ಕಾಯ್ದೆಯ ಸೂತ್ರದ ಪ್ರಕಾರ, ಅಂದರೆ ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವಾ ವರ್ಷಗಳಿಂದ ಗುಣಿಸಿ ಬಂದದ್ದು. ಆರು ತಿಂಗಳು ದಾಟಿದ ಕೊನೆಯ ತುಂಡನ್ನು ಒಂದು ವರ್ಷ ಅಂತಲೇ ಹಿಡಿಯೋದರಿಂದ ಇವರಿಗೆ 25 ವರ್ಷ. ಸೂತ್ರದಷ್ಟೇ ಬಂದಿದೆ, 20 ಲಕ್ಷದ ಮಿತಿಯೊಳಗೇ ಇದೆ. ಹಾಗಾಗಿ ಪೂರ್ತಿ ವಿನಾಯಿತಿ.

ತಲೆನೋವು ಶುರುವಾಗೋದು ಉಳಿದ ಎರಡರಲ್ಲಿ.

ರಜೆ ನಗದೀಕರಣ: ಮೊದಲು ಕೇಳಬೇಕಾದ್ದು ಯಾವಾಗ ಬಂತು ಅಂತ

ಸೇವೆಯಲ್ಲಿದ್ದಾಗಲೇ 10-15 ದಿನದ ಗಳಿಕೆ ರಜೆ ಒಪ್ಪಿಸಿ ದುಡ್ಡು ತಗೊಂಡರೆ ಅದು ಪೂರ್ತಿ ಸಂಬಳ. ಪೂರ್ತಿ ತೆರಿಗೆ. ಸರ್ಕಾರಿ ನೌಕರರಿಗೂ ಇದೇ. ವಿನಾಯಿತಿ ಸಿಗೋದು ನಿವೃತ್ತಿ ಸಮಯದಲ್ಲಿ, ಉಳಿದ ರಜೆಗೆ ಬರುವ ಹಣಕ್ಕೆ ಮಾತ್ರ. ಆ ನಿವೃತ್ತಿ ವಯಸ್ಸಾಗಿ ಆದದ್ದೇ ಇರಬೇಕು ಅಂತಿಲ್ಲ, ಸ್ವಯಂ ನಿವೃತ್ತಿಯೂ ಲೆಕ್ಕಕ್ಕೆ ಬರುತ್ತೆ.

ಎರಡನೇ ಪ್ರಶ್ನೆ, ಯಾರಿಗೆ ಬಂತು ಅಂತ. ಕೇಂದ್ರ ಅಥವಾ ರಾಜ್ಯ ಸರ್ಕಾರದ ನೌಕರರಾದರೆ ನಿವೃತ್ತಿ ವೇಳೆಯ ರಜೆ ನಗದೀಕರಣಕ್ಕೆ ಪೂರ್ತಿ ವಿನಾಯಿತಿ, ಮಿತಿಯೇ ಇಲ್ಲ. ಆದರೆ ಊರಲ್ಲಿ 'ಗೌರ್ಮೆಂಟ್ ಕೆಲಸ' ಅಂತ ಕರೆಯೋದೆಲ್ಲ ಇಲ್ಲಿ ಸರ್ಕಾರಿ ಕೆಲಸ ಆಗಲ್ಲ. ರಾಷ್ಟ್ರೀಕೃತ ಬ್ಯಾಂಕ್, ಎಲ್‌ಐಸಿ, ಸಾರಿಗೆ ನಿಗಮ, ವಿದ್ಯುತ್ ಕಂಪನಿ, ಬಿಎಸ್‌ಎನ್‌ಎಲ್, ಸಹಕಾರ ಸಂಘ ಇವರ ನೌಕರರನ್ನು ಸಾಮಾನ್ಯವಾಗಿ 'ಇತರೆ ನೌಕರರು' ಅಂತಲೇ ಪರಿಗಣಿಸಲಾಗುತ್ತೆ. ಇವರಿಗೂ ಖಾಸಗಿ ಕಂಪನಿಯವರಿಗೂ ನಿಯಮ ಒಂದೇ.

ಆ ನಿಯಮ ಹೀಗಿದೆ. ನಾಲ್ಕು ಮೊತ್ತ ಲೆಕ್ಕ ಹಾಕಬೇಕು, ಅದರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ಮಾತ್ರ ವಿನಾಯಿತಿ. ನಮ್ಮ ಫಿಟ್ಟರ್ ಲೆಕ್ಕದಲ್ಲಿ ನೋಡೋಣ.

ಒಂದನೆಯದು ಸರ್ಕಾರ ಗೊತ್ತುಮಾಡಿದ ಮಿತಿ, 25 ಲಕ್ಷ ರೂ. 2002ರಿಂದ ಇದು 3 ಲಕ್ಷದಲ್ಲೇ ನಿಂತಿತ್ತು. 2023ರ ಬಜೆಟ್‌ನಲ್ಲಿ ಘೋಷಣೆ ಆಗಿ, ಆ ವರ್ಷದ ಏಪ್ರಿಲ್ 1ರಿಂದ ಜಾರಿಗೆ ಬಂತು. ಇದು ಜೀವಮಾನಕ್ಕೆ ಸೇರಿ ಇರೋ ಮಿತಿ. ಹಿಂದೆ ಬೇರೆ ಕಂಪನಿ ಬಿಟ್ಟಾಗ ಇದೇ ವಿನಾಯಿತಿ ಪಡೆದಿದ್ದರೆ ಅಷ್ಟು ಕಳೆದು ಉಳಿದದ್ದು.

ಎರಡನೆಯದು ನಿಜವಾಗಿ ಬಂದ ಹಣ, 3,20,000 ರೂ. ಕಂಪನಿ 240 ದಿನದ ರಜೆಗೆ ಕೊನೆಯ ಸಂಬಳವಾದ 40,000ದ ಲೆಕ್ಕದಲ್ಲೇ ಕೊಟ್ಟಿದೆ.

ಮೂರನೆಯದು ಹತ್ತು ತಿಂಗಳ ಸರಾಸರಿ ಸಂಬಳ. ಇಲ್ಲಿ ಸಂಬಳ ಅಂದರೆ ಮೂಲವೇತನ ಮತ್ತು ನಿವೃತ್ತಿ ಸೌಲಭ್ಯಕ್ಕೆ ಲೆಕ್ಕ ಹಾಕುವ ತುಟ್ಟಿಭತ್ಯೆ. ಮನೆ ಬಾಡಿಗೆ ಭತ್ಯೆ, ಓವರ್‌ಟೈಮ್ ಸೇರಲ್ಲ. ನಿವೃತ್ತಿಗೆ ಹಿಂದಿನ ಹತ್ತು ತಿಂಗಳಲ್ಲಿ ನಾಲ್ಕು ತಿಂಗಳು 38,000, ಆರು ತಿಂಗಳು 40,000. ಸರಾಸರಿ 39,200. ಹತ್ತು ತಿಂಗಳಿಗೆ 3,92,000 ರೂ.

ನಾಲ್ಕನೆಯದು ಕಾಯ್ದೆ ಒಪ್ಪುವ ಉಳಿದ ರಜೆಯ ಬೆಲೆ. ಪೂರ್ತಿಯಾದ ಪ್ರತಿ ಸೇವಾ ವರ್ಷಕ್ಕೆ ಗರಿಷ್ಠ 30 ದಿನ. ಇವರ ಕಂಪನಿ ವರ್ಷಕ್ಕೆ 30 ದಿನವೇ ಕೊಡುತ್ತೆ. 24 ವರ್ಷಕ್ಕೆ 720 ದಿನ. ಅದರಲ್ಲಿ ಬಳಸಿದ್ದು ಮತ್ತು ಸೇವೆಯಲ್ಲಿದ್ದಾಗ ಮಾರಿದ್ದು ಸೇರಿ 480 ದಿನ. ಉಳಿದದ್ದು 240 ದಿನ, ಅಂದರೆ ಎಂಟು ತಿಂಗಳು. ಸರಾಸರಿ 39,200ರಂತೆ 3,13,600 ರೂ.

ನಾಲ್ಕರಲ್ಲಿ ಕಡಿಮೆ 3,13,600. ಅಷ್ಟಕ್ಕೆ ವಿನಾಯಿತಿ. ಬಂದದ್ದು 3,20,000, ಹಾಗಾಗಿ ತೆರಿಗೆ ಲೆಕ್ಕಕ್ಕೆ ಸೇರೋದು ಬರೀ 6,400 ರೂ.

ಇಲ್ಲಿ ಎಡವೋದು ಸಾಮಾನ್ಯವಾಗಿ ನಾಲ್ಕನೇ ಲೆಕ್ಕದಲ್ಲಿ. ಕೆಲವು ಕಂಪನಿ ವರ್ಷಕ್ಕೆ 40-45 ದಿನ ರಜೆ ಕೊಡುತ್ತವೆ. ಕಂಪನಿ ಲೆಡ್ಜರ್‌ನಲ್ಲಿ ಉಳಿದ ರಜೆ ಜಾಸ್ತಿ ಕಂಡರೂ ಕಾಯ್ದೆ 30 ದಿನದ ಮೇಲೆ ಒಪ್ಪಲ್ಲ. ಇವರ ಕಂಪನಿ 45 ದಿನ ಕೊಟ್ಟಿದ್ದು, ಇವರು 720 ದಿನ ರಜೆ ಬಳಸಿಬಿಟ್ಟಿದ್ದರೆ? ಕಂಪನಿ ಲೆಕ್ಕದಲ್ಲಿ ಇನ್ನೂ 360 ದಿನ ಉಳಿಯುತ್ತೆ, ದುಡ್ಡೂ ಬರುತ್ತೆ. ಕಾಯ್ದೆ ಲೆಕ್ಕದಲ್ಲಿ ಉಳಿಯೋದು ಸೊನ್ನೆ. ಆ ದುಡ್ಡಿಗೆ ಪೂರ್ತಿ ತೆರಿಗೆ. '25 ಲಕ್ಷದ ತನಕ ಫ್ರೀ' ಅಂತ ಕೇಳಿ ಸುಮ್ಮನಾದವರಿಗೆ ಪೆಟ್ಟು ಬೀಳೋದು ಇಲ್ಲೇ.

ವಿಆರ್‌ಎಸ್ ಪರಿಹಾರ: 5 ಲಕ್ಷ, ಅದೂ ಒಂದೇ ಸಲ

ಕಂಪನಿ ಪ್ರತಿ ಸೇವಾ ವರ್ಷಕ್ಕೆ ಒಂದೂವರೆ ತಿಂಗಳ ಸಂಬಳದಂತೆ 24 ವರ್ಷಕ್ಕೆ 14,40,000 ರೂ. ಪರಿಹಾರ ಕೊಟ್ಟಿದೆ. ಇದರಲ್ಲಿ ವಿನಾಯಿತಿ ಗರಿಷ್ಠ 5 ಲಕ್ಷ ರೂ. ಉಳಿದ 9,40,000 ರೂ. ಆ ವರ್ಷದ ಆದಾಯಕ್ಕೆ ಸೇರುತ್ತೆ. ಪರಿಹಾರ ಎರಡು ಕಂತಲ್ಲಿ ಬಂದರೂ ವಿನಾಯಿತಿ ಎರಡು ಸಲ ಸಿಗಲ್ಲ, ಎಲ್ಲಾ ಸೇರಿ 5 ಲಕ್ಷ. ಒಮ್ಮೆ ಒಂದು ಕಂಪನಿಯಲ್ಲಿ ಈ ವಿನಾಯಿತಿ ಪಡೆದವರು ಮುಂದೆ ಇನ್ನೊಂದು ಕಂಪನಿಯಿಂದ ವಿಆರ್‌ಎಸ್ ತಗೊಂಡರೆ ಮತ್ತೆ ಕೇಳೋ ಹಾಗಿಲ್ಲ.

ಆದರೆ ಈ 5 ಲಕ್ಷ ತಾನಾಗೇ ಬರೋದಲ್ಲ. ಆದೇಶದ ಮೇಲೆ 'ವಿಆರ್‌ಎಸ್' ಅಂತ ಬರೆದಿದ್ದರೆ ಸಾಲದು, ಯೋಜನೆ ಆದಾಯ ತೆರಿಗೆ ನಿಯಮಾವಳಿಯ 2ಬಿಎ ನಿಯಮಕ್ಕೆ ಹೊಂದಬೇಕು. ಮುಖ್ಯವಾಗಿ ನೋಡಬೇಕಾದ್ದು ಇಷ್ಟು. ನೌಕರರಿಗೆ 10 ವರ್ಷ ಸೇವೆ ಅಥವಾ 40 ವರ್ಷ ವಯಸ್ಸು ಆಗಿರಬೇಕು. ಯೋಜನೆ ಯಾರೋ ಒಬ್ಬಿಬ್ಬರಿಗೆ ಅಂತ ಮಾಡಿದ್ದಲ್ಲದೆ, ನಿರ್ದೇಶಕರನ್ನು ಬಿಟ್ಟು ಎಲ್ಲಾ ನೌಕರರಿಗೂ ಅನ್ವಯ ಆಗಬೇಕು. ಒಟ್ಟು ನೌಕರರ ಸಂಖ್ಯೆ ಕಡಿಮೆ ಆಗಬೇಕು, ಖಾಲಿಯಾದ ಹುದ್ದೆಗೆ ಇನ್ನೊಬ್ಬರನ್ನು ತುಂಬಬಾರದು. ವಿಆರ್‌ಎಸ್ ತಗೊಂಡವರು ಅದೇ ಆಡಳಿತ ಮಂಡಳಿಯ ಇನ್ನೊಂದು ಕಂಪನಿಗೆ ಹೋಗಿ ಸೇರಬಾರದು.

ಪರಿಹಾರದ ಮೊತ್ತಕ್ಕೂ ಅಳತೆ ಇದೆ. ಪ್ರತಿ ಪೂರ್ಣ ಸೇವಾ ವರ್ಷಕ್ಕೆ ಮೂರು ತಿಂಗಳ ಸಂಬಳ ಒಂದು ಅಳತೆ, ನಿವೃತ್ತಿಗೆ ಬಾಕಿ ಇರುವ ತಿಂಗಳುಗಳ ಸಂಬಳ ಇನ್ನೊಂದು. ಫಿಟ್ಟರ್ ಲೆಕ್ಕದಲ್ಲಿ ಮೊದಲನೆಯದು 28,80,000, ಬಾಕಿ 60 ತಿಂಗಳಂತೆ ಎರಡನೆಯದು 24,00,000. ಕಂಪನಿ ಕೊಟ್ಟದ್ದು ಎರಡಕ್ಕಿಂತಲೂ ಕಡಿಮೆ. ತಕರಾರಿಲ್ಲ.

ಇದು ಯಾರಿಗೆ ಅನ್ವಯಿಸಲ್ಲ ಅನ್ನೋದನ್ನು ಅಂಗಡಿ, ಮಿಲ್ ನಡೆಸೋರು ಗಮನಿಸಬೇಕು. ಕಾಯ್ದೆಯ ಪಟ್ಟಿಯಲ್ಲಿ ಕಂಪನಿ, ಸರ್ಕಾರ, ನಿಗಮ, ಸ್ಥಳೀಯ ಸಂಸ್ಥೆ, ಸಹಕಾರ ಸಂಘ, ವಿಶ್ವವಿದ್ಯಾಲಯದಂಥವು ಇವೆ. ಒಬ್ಬರೇ ಮಾಲೀಕರ ಅಂಗಡಿ, ಪಾಲುದಾರಿಕೆಯ ಅಕ್ಕಿ ಗಿರಣಿ ಆ ಪಟ್ಟಿಯಲ್ಲಿಲ್ಲ. ಮೂವತ್ತು ವರ್ಷ ದುಡಿದ ಗುಮಾಸ್ತರಿಗೆ ಮಾಲೀಕರು ಪ್ರೀತಿಯಿಂದ 4 ಲಕ್ಷ ಕೊಟ್ಟು 'ವಿಆರ್‌ಎಸ್' ಅಂತ ಪತ್ರ ಬರೆದರೂ ಈ ವಿನಾಯಿತಿ ಸಿಗಲ್ಲ. ಅದೇ ಗುಮಾಸ್ತರಿಗೆ ಗ್ರಾಚ್ಯುಟಿ, ರಜೆ ಹಣ ಅಂತ ಲೆಕ್ಕ ಪ್ರಕಾರ ಕೊಟ್ಟದ್ದಕ್ಕೆ ಮಾತ್ರ ಆಯಾ ವಿನಾಯಿತಿ ಇದ್ದೇ ಇದೆ. ಹಾಗಾಗಿ ಕೊಡೋ ಹಣದ ಪತ್ರದಲ್ಲಿ ಯಾವುದು ಎಷ್ಟು ಅಂತ ಬಿಡಿಸಿ ಬರೆಯೋದು ಮಾಲೀಕರು ಮಾಡಬಹುದಾದ ದೊಡ್ಡ ಉಪಕಾರ.

ಇನ್ನೊಂದು ಮಾತು. ಒಂದೇ ವರ್ಷ ದೊಡ್ಡ ಮೊತ್ತ ಬಂದು ತೆರಿಗೆ ಏರಿದಾಗ ಕಲಂ 89ರಡಿ ಪರಿಹಾರ ಕೇಳೋ ಅವಕಾಶ ಇದೆ. ಆದರೆ ವಿಆರ್‌ಎಸ್ ಹಣಕ್ಕೆ ಅದನ್ನು ತಗೊಂಡರೆ 5 ಲಕ್ಷದ ವಿನಾಯಿತಿ ಇಲ್ಲ. ಇದು ತಗೊಂಡರೆ ಅದಿಲ್ಲ. ಎರಡನ್ನೂ ಹಾಕಿ ನೋಡಿ ಯಾವುದು ಲಾಭವೋ ಅದನ್ನೇ ಆರಿಸಬೇಕು.

ಈಗ ಒಟ್ಟು ತೆರಿಗೆ ಎಷ್ಟು?

ತೆರಿಗೆಗೆ ಸೇರೋ ಭಾಗ: ರಜೆ ಹಣದಲ್ಲಿ 6,400, ವಿಆರ್‌ಎಸ್‌ನಲ್ಲಿ 9,40,000. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಸಂಬಳ ತಿಂಗಳಿಗೆ 46,000ದಂತೆ 2,76,000. ಒಟ್ಟು 12,22,400 ರೂ.

ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಉಳಿಯೋದು 11,47,400 ರೂ. 2025-26ನೇ ಸಾಲಿಗೆ ಈ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರೋದರಿಂದ ಕಟ್ಟಬೇಕಾದ ತೆರಿಗೆ ಸೊನ್ನೆ. 34 ಲಕ್ಷಕ್ಕೂ ಮೇಲೆ ಕೈಗೆ ಬಂದರೂ ಒಂದು ರೂಪಾಯಿ ತೆರಿಗೆ ಇಲ್ಲ.

ಹೊಸ ಪದ್ಧತಿಯಲ್ಲಿ ಯಾವ ವಿನಾಯಿತಿಯೂ ಇಲ್ಲ ಅನ್ನೋ ಮಾತು ಓಡಾಡ್ತಿದೆ. ಹಾಗಲ್ಲ. 80ಸಿಯಂಥ ಉಳಿತಾಯದ ಕಡಿತ ಅಲ್ಲಿ ಇಲ್ಲ, ನಿಜ. ಆದರೆ ಗ್ರಾಚ್ಯುಟಿ, ನಿವೃತ್ತಿ ವೇಳೆಯ ರಜೆ ನಗದೀಕರಣ, ವಿಆರ್‌ಎಸ್‌ನ 5 ಲಕ್ಷ ಈ ವಿನಾಯಿತಿಗಳು ಹಳೇ ಪದ್ಧತಿ, ಹೊಸ ಪದ್ಧತಿ ಎರಡರಲ್ಲೂ ಇವೆ.

ಈಗ ತಪ್ಪಾದರೆ ಏನಾಗುತ್ತೆ ನೋಡಿ. ಅಕೌಂಟ್ಸ್ ಸೆಕ್ಷನ್‌ನವರು ವಿಆರ್‌ಎಸ್‌ನ 5 ಲಕ್ಷ ಬಿಟ್ಟುಬಿಟ್ಟರು ಅಂತಿಟ್ಟುಕೊಳ್ಳಿ. ಆದಾಯ 16,47,400 ಆಗುತ್ತೆ. 12 ಲಕ್ಷದ ರಿಯಾಯಿತಿ ಪೂರ್ತಿ ಹೋಗಿ, ಸೆಸ್ ಸೇರಿ 1,34,659 ರೂ. ತೆರಿಗೆ. ಜೊತೆಗೆ ರಜೆ ಹಣದ ವಿನಾಯಿತಿಯನ್ನೂ ಬಿಟ್ಟರೆ ಆದಾಯ 19,61,000, ತೆರಿಗೆ 1,99,888 ರೂ. ಅದೇ ಮನುಷ್ಯ, ಅದೇ ದುಡ್ಡು.

ಸೊನ್ನೆ ತೆರಿಗೆ ಬಂತು ಅಂತ ಮೈಮರೆಯೋ ಹಾಗೂ ಇಲ್ಲ. 12 ಲಕ್ಷಕ್ಕೆ ಇವರಿಗೆ ಉಳಿದಿರೋ ಜಾಗ 52,600 ರೂ. ಮಾತ್ರ. ಬಂದ ದುಡ್ಡನ್ನು ಬ್ಯಾಂಕಲ್ಲಿ ಎಫ್‌ಡಿ ಇಟ್ಟರೆ ಮಾರ್ಚ್‌ವರೆಗಿನ ಬಡ್ಡಿಯೂ ಅದೇ ವರ್ಷದ ಆದಾಯ. ಬಡ್ಡಿ 60,000 ಬಂತು ಅಂದರೆ ಆದಾಯ 12,07,400. ಆಗ ಅಲ್ಪ ಮೀರಿದವರಿಗಿರುವ ರಿಯಾಯಿತಿ ಪ್ರಕಾರ ಮೀರಿದ 7,400 ರೂ. ಮತ್ತು ಅದರ ಮೇಲಿನ ಸೆಸ್ ಕಟ್ಟಬೇಕಾಗುತ್ತೆ. ದೊಡ್ಡ ಹೊರೆಯಲ್ಲ, ಆದರೆ ರಿಟರ್ನ್‌ನಲ್ಲಿ ಬಡ್ಡಿ ತೋರಿಸದೇ ಇದ್ದರೆ ನೋಟಿಸ್ ಬರುತ್ತೆ, ಯಾಕಂದ್ರೆ ಬ್ಯಾಂಕ್ ಆ ಬಡ್ಡಿಯ ಮಾಹಿತಿಯನ್ನು ಇಲಾಖೆಗೆ ಕೊಟ್ಟಿರುತ್ತೆ.

ಕೆಲಸ ಬಿಡೋ ತಿಂಗಳೂ ಇಲ್ಲಿ ಮುಖ್ಯ. ಇವರು ಸೆಪ್ಟೆಂಬರ್‌ಗೆ ಬಿಟ್ಟದ್ದರಿಂದ ಆರು ತಿಂಗಳ ಸಂಬಳ ಮಾತ್ರ ಸೇರಿತು. ಇಷ್ಟೇ ಪರಿಹಾರ ಮಾರ್ಚ್ ಕೊನೆಗೆ ಬಂದಿದ್ದರೆ ಹನ್ನೆರಡು ತಿಂಗಳ ಸಂಬಳ ಅದರ ಜೊತೆ ಕೂಡಿ 12 ಲಕ್ಷ ಸಲೀಸಾಗಿ ದಾಟುತ್ತಿತ್ತು. ದಿನಾಂಕ ಆರಿಸೋ ಅವಕಾಶ ಯೋಜನೆಯಲ್ಲಿದ್ದರೆ ಇದನ್ನು ಲೆಕ್ಕ ಹಾಕಿಯೇ ಅರ್ಜಿ ಕೊಡೋದು ಒಳ್ಳೇದು.

ಸರಿಯಾಗಿದೆಯಾ ಅಂತ ಗೊತ್ತಾಗೋದು ಹೇಗೆ?

ದುಡ್ಡು ಖಾತೆಗೆ ಬರೋ ಮುಂಚೆಯೇ ಕೇಳಬೇಕಾದ ಕಾಗದ ಮೂರು. ಬಾಬ್ತುವಾರು ಬಿಡಿಸಿದ ಸೆಟ್ಲ್‌ಮೆಂಟ್ ಪಟ್ಟಿ, ಇಷ್ಟು ದಿನ ಗಳಿಸಿದ್ದು, ಇಷ್ಟು ಬಳಸಿದ್ದು, ಇಷ್ಟು ಉಳಿದದ್ದು ಅಂತ ತೋರಿಸೋ ರಜೆ ಲೆಡ್ಜರ್‌ನ ಪ್ರತಿ, ಮತ್ತು ವಿಆರ್‌ಎಸ್ ಯೋಜನೆಯ ಪ್ರತಿ. ಯೋಜನೆಯಲ್ಲಿ ಅದು 2ಬಿಎ ನಿಯಮಕ್ಕೆ ಅನುಗುಣವಾಗಿದೆ ಅಂತ ಬರೆದಿದೆಯಾ ನೋಡಿ. ಪಟ್ಟಿಯಲ್ಲಿ 'ಒಟ್ಟು ನಿವೃತ್ತಿ ಸೌಲಭ್ಯ' ಅಂತ ಒಂದೇ ಸಾಲು ಇದ್ದರೆ ಆಗಲೇ ತಕರಾರು ತೆಗೀಬೇಕು. ಟಿಡಿಎಸ್ ಕಟ್ ಆಗಿ ಇಲಾಖೆಗೆ ಹೋದ ಮೇಲೆ ಕಂಪನಿಯವರು ವಾಪಸ್ ಕೊಡೋದು ಕಷ್ಟ.

ವರ್ಷ ಮುಗಿದ ಮೇಲೆ ಬರೋ ಫಾರಂ 16ರ ಎರಡನೇ ಭಾಗ ತೆರೆದು ನೋಡಿ. 2025-26ನೇ ಸಾಲಿನ ಫಾರಂನಲ್ಲಿ ಗ್ರಾಚ್ಯುಟಿ `10(10)`, ರಜೆ ನಗದೀಕರಣ `10(10AA)`, ವಿಆರ್‌ಎಸ್ `10(10C)` ಕಲಂನ ಹೆಸರಲ್ಲಿ ಬರುತ್ತೆ. ಆ ಸಾಲುಗಳಲ್ಲಿ ಸೊನ್ನೆ ಇದ್ದು, ಮೇಲಿನ ಒಟ್ಟು ಸಂಬಳದಲ್ಲಿ ಮಾತ್ರ ಪೂರ್ತಿ ಮೊತ್ತ ಸೇರಿದ್ದರೆ ವಿನಾಯಿತಿ ಕೊಟ್ಟಿಲ್ಲ ಅಂತ ಅರ್ಥ.

ಹಾಗಾದರೂ ದುಡ್ಡು ಮುಳುಗಿತು ಅಂತಲ್ಲ. ಕಂಪನಿ ಕೊಡದ ವಿನಾಯಿತಿಯನ್ನು ನೌಕರರೇ ತಮ್ಮ ರಿಟರ್ನ್‌ನಲ್ಲಿ ಕೇಳಬಹುದು. ಸಂಬಳದ ಪುಟದಲ್ಲಿ ವಿನಾಯಿತಿ ಪಟ್ಟಿಯಿಂದ ಆಯಾ ಕಲಂ ಆರಿಸಿ ಮೊತ್ತ ತುಂಬಿದರೆ, ಹೆಚ್ಚಿಗೆ ಹೋದ ಟಿಡಿಎಸ್ ರಿಫಂಡ್ ಆಗಿ ಬರುತ್ತೆ. ಫಾರಂ 16ಕ್ಕೂ ರಿಟರ್ನ್‌ಗೂ ವ್ಯತ್ಯಾಸ ಕಂಡರೆ ಇಲಾಖೆ ವಿವರಣೆ ಕೇಳಬಹುದು. ಮೇಲೆ ಹೇಳಿದ ಮೂರು ಕಾಗದ ಆಗ ಕೈಯಲ್ಲಿರಬೇಕು. ಕಂಪನಿ ಬಾಗಿಲು ಹಾಕಿದ ಮೇಲೆ ರಜೆ ಲೆಡ್ಜರ್ ಹುಡುಕಿಕೊಂಡು ಹೋದರೆ ಕೊಡೋರು ಯಾರೂ ಇರಲ್ಲ.

2026ರ ಏಪ್ರಿಲ್ 1ರಿಂದ ಹಳೇ ಕಾಯ್ದೆಯ ಜಾಗದಲ್ಲಿ ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬಂದಿದೆ. ಆ ದಿನದ ನಂತರ ನಿವೃತ್ತರಾಗುವವರ ಕಾಗದಪತ್ರದಲ್ಲಿ ಕಲಂ ಸಂಖ್ಯೆ ಬೇರೆ ಇರುತ್ತೆ. ಅವರು ಸಂಖ್ಯೆ ಹುಡುಕೋ ಬದಲು ರಜೆ ನಗದೀಕರಣ, ಸ್ವಯಂ ನಿವೃತ್ತಿ ಪರಿಹಾರ ಅನ್ನೋ ಹೆಸರು ನೋಡಿ, ಅದರ ಮುಂದೆ ಎಷ್ಟು ಬರೆದಿದ್ದಾರೆ ಅಂತ ತಮ್ಮ ಪಟ್ಟಿಗೆ ತಾಳೆ ಹಾಕಬೇಕು.